ಶೋಧಾಸಕ್ತಿ ಮತ್ತು ಋತುಮಾನದ ಪ್ರಚಾರ: ಶ್ರೀನಿವಾಸಪುರದ ಮಾವು

ವರ್ಷವಿಡೀ ಒಂದೇ ಸಮನಾಗಿರದೆ, ಕೆಲವು ವಾರಗಳಲ್ಲಿ ಉಕ್ಕಿ ಉಳಿದ ತಿಂಗಳುಗಳಲ್ಲಿ ಬತ್ತಿಹೋಗುವ ಬೇಡಿಕೆಯುಳ್ಳ ಸರಕುಗಳ ಪ್ರಚಾರವನ್ನು ಎಂದು ಆರಂಭಿಸಿ ಎಂದು ನಿಲ್ಲಿಸತಕ್ಕದ್ದೆಂಬುದನ್ನು, ಜನರು ಅಂತರಜಾಲದಲ್ಲಿ ಆ ಸರಕಿನ ವಿಷಯವಾಗಿ ನಡೆಸುವ ಹುಡುಕಾಟದ ಏರಿಳಿತದಿಂದ ನಿರ್ಣಯಿಸುವ ಒಂದು ವ್ಯಾಪಾರಪದ್ಧತಿ. ಕೊಳ್ಳುವವನು ಅಂಗಡಿಗೆ ಹೋಗುವ ಮುನ್ನ ಬೆಲೆ, ತಳಿ, ಸಿಗುವ ಸ್ಥಳ ಇವುಗಳನ್ನು ವಿಚಾರಿಸುವುದು ಸಹಜವಾದುದರಿಂದ, ಈ ವಿಚಾರಣೆಯ ಗುರುತು ಮಾರಾಟದ ಗುರುತಿಗಿಂತ ಮುಂಚಿತವಾಗಿ ಕಾಣಿಸಿಕೊಳ್ಳುತ್ತದೆ ಎಂಬುದೇ ಈ ಪದ್ಧತಿಯ ಆಧಾರ. ಕೋಲಾರ ಜಿಲ್ಲೆಯಲ್ಲಿ ಇದರ ಗುಣದೋಷಗಳೆರಡನ್ನೂ ಸ್ಪಷ್ಟವಾಗಿ ತೋರಿಸುವ ಸರಕು ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಮಾವು. ಏಕೆಂದರೆ ಇಲ್ಲಿ ಗ್ರಾಹಕನ ಆಸೆ ಚಿಗುರುವ ಕಾಲವೂ ಮರದ ಕಾಯಿ ಬಲಿಯುವ ಕಾಲವೂ ಒಂದೇ ಅಲ್ಲ.

ಸಾಧನ ಮತ್ತು ಅದರ ಅಳತೆ

ಈ ಕಾರ್ಯಕ್ಕೆ ಸಾಮಾನ್ಯವಾಗಿ ಬಳಕೆಯಾಗುವುದು 2006ರಲ್ಲಿ ಆರಂಭವಾದ, ಶುಲ್ಕವಿಲ್ಲದ ಗೂಗಲ್ ಟ್ರೆಂಡ್ಸ್. ಅದರಲ್ಲಿ 2004ರಿಂದೀಚಿನ ಅಂಕಿಗಳು ದೊರೆಯುತ್ತವೆ. ಕರ್ನಾಟಕವನ್ನು ಮಾತ್ರ ಪ್ರತ್ಯೇಕಿಸಿ ನೋಡಲೂ ಅವಕಾಶವಿದೆ. ಆದರೆ ಅದು ತೋರಿಸುವ ಸಂಖ್ಯೆ ಹುಡುಕಾಟಗಳ ಎಣಿಕೆಯಲ್ಲ. ಆ ಪ್ರದೇಶದಲ್ಲಿ ಆ ಅವಧಿಯಲ್ಲಿ ನಡೆದ ಒಟ್ಟು ಹುಡುಕಾಟಗಳಲ್ಲಿ ನಮ್ಮ ಪದದ ಪಾಲೆಷ್ಟು ಎಂಬುದನ್ನು ಮಾದರಿಯೊಂದರಿಂದ ಗಣಿಸಿ, ಅತ್ಯುಚ್ಚವಾದ ವಾರಕ್ಕೆ 100 ಎಂದು ಕೊಟ್ಟು, ಮಿಕ್ಕವುಗಳನ್ನು ಅದರ ಅನುಪಾತದಲ್ಲಿ ಇಳಿಸಿದ ಸಾಪೇಕ್ಷ ಅಂಕವದು. ಆದುದರಿಂದ 50 ಎಂಬ ಅಂಕವು, ಶಿಖರದ ವಾರದಲ್ಲಿದ್ದ ಪಾಲಿನ ಅರ್ಧವೆಂದಷ್ಟೇ ಹೇಳುತ್ತದೆಯೇ ಹೊರತು, ಎಷ್ಟು ಮಂದಿ ಹುಡುಕಿದರೆಂದಾಗಲಿ ಎಷ್ಟು ಪೆಟ್ಟಿಗೆ ಮಾರಿಹೋಗುವುದೆಂದಾಗಲಿ ಹೇಳುವುದಿಲ್ಲ.

ಹುಡುಕಾಟ ತೀರ ವಿರಳವಾಗಿರುವೆಡೆ ಈ ಸಾಧನವು 0 ಎಂದು ತೋರಿಸುತ್ತದೆ. ಶ್ರೀನಿವಾಸಪುರದಂತಹ ಪಟ್ಟಣವೊಂದರ ಮಟ್ಟಿಗೆ ಅದರಿಂದ ಉಪಯುಕ್ತವಾದ ರೇಖೆ ದೊರೆಯುವುದಿಲ್ಲ. ಇದರಿಂದ ಬೆಳೆಗಾರನಿಗೆ ನಷ್ಟವೇನೂ ಇಲ್ಲ. ಅವನು ಅಳೆಯಬೇಕಾದದ್ದು ಹಣ್ಣು ಬೆಳೆಯುವ ಊರಿನ ಆಸಕ್ತಿಯನ್ನಲ್ಲ, ಹಣ್ಣನ್ನು ಕೊಳ್ಳುವ ಊರಿನ ಆಸಕ್ತಿಯನ್ನು. ಹುಡುಕಾಟದ ಮಟ್ಟಿಗೆ ಕರ್ನಾಟಕದ ರೇಖೆಯೆಂದರೆ ಬಹುಮಟ್ಟಿಗೆ ಬೆಂಗಳೂರಿನ ರೇಖೆ. ಅಂಚೆಯಲ್ಲಿ ಪೆಟ್ಟಿಗೆ ತರಿಸಿಕೊಳ್ಳುವ ಮನೆಗಳೂ ಹೆಚ್ಚಾಗಿ ಅಲ್ಲಿಯವೇ.

ಪದಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. `mango` ಎಂಬ ಹೆಸರಿನ ಸ್ಪೇನ್ ದೇಶದ ಉಡುಪು ಸಂಸ್ಥೆಯೊಂದಿರುವುದರಿಂದ, ಬರಿಯ ಪದಕ್ಕಿಂತ ಹಣ್ಣೆಂದು ವರ್ಗೀಕೃತವಾದ ವಿಷಯವನ್ನು ಆರಿಸುವುದು ಲೇಸು. ಯುಗಾದಿಯ ಸುಮಾರಿಗೆ ತೋರಣದ ಸೊಪ್ಪನ್ನೂ ಮಾವಿನಕಾಯಿ ಚಿತ್ರಾನ್ನದ ವಿಧಾನವನ್ನೂ ಹುಡುಕುವವರು ಹಣ್ಣಿನ ಗ್ರಾಹಕರಲ್ಲ. ಆ ಹೊತ್ತಿಗೆ ಕಾಣುವ ಇಂತಹ ಸಣ್ಣ ಉಬ್ಬನ್ನು ಋತುವಿನ ಆರಂಭವೆಂದು ಭ್ರಮಿಸಬಾರದು. `badami mango online` ಎಂದು ಹುಡುಕುವವರು ಅಲ್ಪಸಂಖ್ಯಾತರಾದರೂ ಕೊಳ್ಳುವ ನಿರ್ಧಾರಕ್ಕೆ ಅವರು ಬಹಳ ಸಮೀಪದಲ್ಲಿದ್ದಾರೆ. ವಿಶಾಲವಾದ ಪದದಿಂದ ರೇಖೆಯ ಆಕಾರವನ್ನೂ, ಇಂತಹ ಕಿರಿದಾದ ಪದದಿಂದ ಜಾಹೀರಾತಿನ ಒಕ್ಕಣೆಯನ್ನೂ ತಿಳಿಯುವುದು ಕ್ರಮ.

ಗ್ರಾಹಕನ ಕಾಲ ಮತ್ತು ಮರದ ಕಾಲ

ಭಾರತದಲ್ಲಿ ಮಾವಿನ ಬಗೆಗಿನ ಶೋಧಾಸಕ್ತಿ ಏಪ್ರಿಲ್ ತಿಂಗಳಲ್ಲಿ ಏರತೊಡಗಿ ಮೇ ತಿಂಗಳಲ್ಲಿ ಶಿಖರವನ್ನು ಮುಟ್ಟುತ್ತದೆ. ಈ ಏರಿಕೆಯನ್ನು ಎಬ್ಬಿಸುವುದು ಕೋಲಾರದ ಹಣ್ಣಲ್ಲ. ಅದಕ್ಕೂ ಮೊದಲೇ ಪೇಟೆಗೆ ಬರುವ ರತ್ನಗಿರಿ, ದೇವಗಡ ಕಡೆಯ ಆಪೂಸು ಮತ್ತು ಇತರ ಸೀಮೆಗಳ ಮುಂಗಡ ಫಸಲು. ಕೋಲಾರ ಸೀಮೆಯಲ್ಲಿ ಮರ ಹೂ ಬಿಡುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಬಾದಾಮಿ, ರಸಪುರಿಗಳು ಕೊಯ್ಲಿಗೆ ಬರುವುದು ಸಾಮಾನ್ಯವಾಗಿ ಮೇ ತಿಂಗಳ ನಡುವಿನ ಮೇಲೆ. ಮಲ್ಲಿಕಾ, ತೋತಾಪುರಿಗಳು ಜೂನ್ ಜುಲೈಗಳಲ್ಲಿ. ನೀಲಂ ಎಲ್ಲಕ್ಕೂ ಹಿಂದೆ. ಹೀಗೆ ಗ್ರಾಹಕನ ಕುತೂಹಲ ಶಿಖರದಲ್ಲಿರುವಾಗ ಶ್ರೀನಿವಾಸಪುರದ ತೋಟದಲ್ಲಿ ಮೊದಲ ಕೊಯ್ಲು ಈಗಷ್ಟೇ ಮೊದಲಾಗಿರುತ್ತದೆ. ಮಂಡಿಗಳು ಹಣ್ಣಿನಿಂದ ತುಂಬಿ ಬೆಲೆ ಕುಸಿಯುವ ಜೂನ್ ತಿಂಗಳಿನ ಹೊತ್ತಿಗೆ ಆ ಕುತೂಹಲ ಇಳಿಜಾರಿನಲ್ಲಿರುತ್ತದೆ.

ಆದುದರಿಂದ ರೇಖೆ ಏರಿದೊಡನೆ ಜಾಹೀರಾತಿಗೆ ಹಣ ಸುರಿದವನು ತನ್ನ ಹಣದಿಂದ ಬೇರೆ ಸೀಮೆಯ ಹಣ್ಣನ್ನು ಮಾರಿಸಿಕೊಡುತ್ತಾನೆ. ಹಣ್ಣು ಕೈಗೆ ಬಂದ ಮೇಲೆ ನೋಡೋಣವೆಂದು ಕಾದವನು ಬೇಸತ್ತ ಗ್ರಾಹಕನನ್ನು ಎದುರಿಸುತ್ತಾನೆ. ಇವೆರಡರ ನಡುವಣ ಮಾರ್ಗವೆಂದರೆ, ಆಸಕ್ತಿಯ ಏರುವ ಭಾಗದಲ್ಲಿ ಮುಂಗಡ ಬುಕಿಂಗನ್ನು ಪಡೆದು, ಹಣ್ಣನ್ನು ಅದರ ಕಾಲದಲ್ಲಿ ಕಳುಹಿಸುವುದು. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಕರ್ಸಿರಿ ಎಂಬ ಜಾಲತಾಣದ ಮೂಲಕ ಬೆಳೆಗಾರರು ಪೆಟ್ಟಿಗೆಗಳನ್ನು ಅಂಚೆ ಇಲಾಖೆಯ ಸಹಾಯದಿಂದ ನೇರವಾಗಿ ಮನೆಗಳಿಗೆ ತಲುಪಿಸುವ ಏರ್ಪಾಡಿನಿಂದ ಇದು ಸಣ್ಣ ತೋಟದವನಿಗೂ ಸಾಧ್ಯವಾಗಿದೆ.

ಲೆಕ್ಕದ ಕ್ರಮ

ಮೊದಲು ಕರ್ನಾಟಕದ 5 ವರ್ಷಗಳ ವಾರವಾರದ ಅಂಕಗಳನ್ನು ಇಳಿಸಿಕೊಂಡು, ಪ್ರತಿ ವರ್ಷದ ಸರಾಸರಿಯಿಂದ ಆಯಾ ವಾರದ ಅಂಕವನ್ನು ಭಾಗಿಸಬೇಕು.

```
ಋತುಸೂಚಿ = ವಾರದ ಅಂಕ ÷ ಆ ವರ್ಷದ ಸರಾಸರಿ ಅಂಕ
```

ಒಂದೊಂದು ವಾರಕ್ಕೂ 5 ವರ್ಷಗಳ 5 ಸೂಚಿಗಳು ದೊರೆತಾಗ, ಅವುಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಣದನ್ನು ತೆಗೆದುಕೊಳ್ಳಬೇಕು. ಸರಾಸರಿಯನ್ನು ತೆಗೆದರೆ, ಯಾವುದೋ ಒಂದು ವರ್ಷದ ಸುದ್ದಿಯಿಂದ ಹುಟ್ಟಿದ ಅಸಹಜ ಶಿಖರವು ಉಳಿದ ನಾಲ್ಕು ವರ್ಷಗಳನ್ನೂ ಎಳೆದೊಯ್ಯುತ್ತದೆ. ಅಂಕಗಳು ಮಾದರಿಯಿಂದ ಗಣಿಸಿದವಾದುದರಿಂದ ಬೇರೆ ಬೇರೆ ದಿನಗಳಲ್ಲಿ ಇಳಿಸಿಕೊಂಡವು ಸ್ವಲ್ಪ ಭಿನ್ನವಾಗಿರಬಹುದು. ಎರಡು ಮೂರು ಸಲ ಇಳಿಸಿ ಹೋಲಿಸಿದರೆ ರೇಖೆ ಎಷ್ಟು ಭರವಸೆಗೆ ಅರ್ಹವೆಂಬುದು ತಿಳಿಯುತ್ತದೆ. ಇನ್ನೂ ಮುಗಿಯದ ಕೊನೆಯ ವಾರದ ಅಂಕವನ್ನು ಲೆಕ್ಕಕ್ಕೆ ಹಿಡಿಯಕೂಡದು.

ದೃಷ್ಟಾಂತಕ್ಕಾಗಿ ಕಲ್ಪಿಸಿದ ಅಂಕಿಗಳಿಂದ ಒಂದು ತೋಟದ ಲೆಕ್ಕವನ್ನು ನೋಡಬಹುದು. ಸೂಚಿಯು ಏಪ್ರಿಲ್ ಮೊದಲ ವಾರದಲ್ಲಿ 1.4, ಮೂರನೆಯ ವಾರದಲ್ಲಿ 2.6, ಮೇ ಮೂರನೆಯ ವಾರದಲ್ಲಿ 4.2, ಜೂನ್ ಮೊದಲ ವಾರದಲ್ಲಿ 3.0, ಮೂರನೆಯ ವಾರದಲ್ಲಿ 1.9 ಎಂದಿರಲಿ. ಶಿಖರ 4.2 ಆದುದರಿಂದ ಅದರ ಅರ್ಧ 2.1. ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ರೇಖೆ ಈ ಗೆರೆಯನ್ನು ದಾಟಿ, ಜೂನ್ ಮೂರನೆಯ ವಾರದಲ್ಲಿ ಅದರ ಕೆಳಗಿಳಿಯುತ್ತದೆ. ಇದು ಗ್ರಾಹಕನ ಕಾಲ.

ಮರದ ಕಾಲವನ್ನು ಹೂವಿನಿಂದ ಎಣಿಸಬೇಕು. ಬಾದಾಮಿಯ ಹೂ ಪೂರ್ತಿ ಅರಳಿದಂದಿನಿಂದ ಕಾಯಿ ಬಲಿಯಲು ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ ಕಾಲ ಬೇಕಾಗುವುದರಿಂದ, ಜನವರಿ ಕೊನೆಯ ವಾರದಲ್ಲಿ ಹೂ ಅರಳಿದ ತೋಟದ ಕೊಯ್ಲು ಮೇ 20ರ ಸುಮಾರಿಗೆ ಆರಂಭವಾಗಿ ಜೂನ್ 20ರವರೆಗೆ ನಡೆಯುವುದೆಂದಿಟ್ಟುಕೊಳ್ಳೋಣ. ಕಿತ್ತ ಕಾಯಿ ಹುಲ್ಲಿನಲ್ಲಿ ಮಾಗಿ ಪೆಟ್ಟಿಗೆ ಸೇರಿ ಮನೆ ತಲುಪಲು ಒಂದು ವಾರ. ಹಣ ಕೊಟ್ಟ ಗ್ರಾಹಕನು ನಾಲ್ಕು ವಾರಗಳಿಗಿಂತ ಹೆಚ್ಚು ಕಾಯಲಾರನೆಂದು ಭಾವಿಸಿದರೆ, ಮೊದಲ ಪೆಟ್ಟಿಗೆ ಮನೆ ಮುಟ್ಟುವ ಮೇ 27ರಿಂದ ಹಿಂದಕ್ಕೆಣಿಸಿ, ಬುಕಿಂಗನ್ನು ತೆರೆಯತಕ್ಕ ದಿನ ಏಪ್ರಿಲ್ ಕೊನೆ. ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ, ಆಸಕ್ತಿ ಏರಿದ್ದರೂ, ಅಲ್ಪ ವೆಚ್ಚದಲ್ಲಿ ಹೆಸರು ಮತ್ತು ಮೊಬೈಲ್ ಸಂಖ್ಯೆಗಳನ್ನು ಸಂಗ್ರಹಿಸುವುದಷ್ಟೇ ಕೆಲಸ. ಪ್ರಚಾರದ ಹಣದ ಬಹುಭಾಗ ಮೇ ತಿಂಗಳಿಗೆ. ಜೂನ್ 10ರ ಸುಮಾರಿಗೆ ಪ್ರಚಾರವನ್ನು ನಿಲ್ಲಿಸುವುದು ಯುಕ್ತ, ಏಕೆಂದರೆ ಆ ಮೇಲೆ ಬಂದ ಬುಕಿಂಗಿಗೆ ಹಣ್ಣು ಉಳಿದಿರುವ ಭರವಸೆಯಿಲ್ಲ, ಆಸಕ್ತಿಯೂ ಇಳಿಯುತ್ತಿರುತ್ತದೆ.

ಹೂ ಎರಡು ವಾರ ತಡವಾದ ವರ್ಷದಲ್ಲಿ ಈ ದಿನಾಂಕಗಳೂ ಜರುಗಬೇಕು. ಆದರೆ ಗ್ರಾಹಕನ ರೇಖೆ ತೋಟಕ್ಕಾಗಿ ಕಾಯುವುದಿಲ್ಲ. ಅಂತಹ ವರ್ಷದಲ್ಲಿ ಎರಡೂ ಕಾಲಗಳು ಕೂಡುವ ಅವಧಿ ಕಿರಿದಾಗುವುದರಿಂದ, ಹೆಚ್ಚು ಪಾಲನ್ನು ಮೊದಲೇ ಮಂಡಿಗೆ ಗೊತ್ತುಮಾಡಿ, ಅಂಚೆಯ ಪೆಟ್ಟಿಗೆಗಳ ಗುರಿಯನ್ನು ತಗ್ಗಿಸುವುದು ಜಾಣತನ. ಮಾವು ಒಂದು ವರ್ಷ ತುಂಬಿ ಬಂದರೆ ಮರುವರ್ಷ ಇಳಿಯುವ ಸ್ವಭಾವದ ಬೆಳೆ. ಈ ಸಂಗತಿಯೂ ಶೋಧದ ರೇಖೆಯಲ್ಲಿ ಕಾಣುವುದಿಲ್ಲ.

ನಿರ್ಣಯ ಸರಿಯಾಯಿತೇ ಎಂಬುದಕ್ಕೆ ಒರೆಗಲ್ಲು, ನೂರು ರೂಪಾಯಿ ವೆಚ್ಚಕ್ಕೆ ಬಂದ ಬುಕಿಂಗುಗಳ ವಾರವಾರದ ಎಣಿಕೆ. ಅದು ರೇಖೆಯೊಡನೆ ಏರಿ ಇಳಿದರೆ ಕಾಲ ಸರಿಯಾಗಿದೆ. ರೇಖೆ ಎತ್ತರದಲ್ಲಿದ್ದಾಗಲೂ ಅದು ಕುಗ್ಗುತ್ತ ಬಂದರೆ, ದೋಷವಿರುವುದು ದಿನಾಂಕದಲ್ಲಲ್ಲ, ಬೆಲೆಯಲ್ಲೋ ಹಣ್ಣಿನ ಗುಣದಲ್ಲೋ ಎಂದರಿಯಬೇಕು.

ತಿಥಿಯನ್ನನುಸರಿಸುವ ಸರಕುಗಳು

ಮಾಲೂರು, ಕೋಲಾರಗಳ ಸುತ್ತಿನ ಹೂವಿನ ಬೆಳೆಗಾರರಿಗೆ ಈ ಲೆಕ್ಕ ಸ್ವಲ್ಪ ಬದಲಾಗಬೇಕಾಗುತ್ತದೆ. ವರಮಹಾಲಕ್ಷ್ಮಿ ಹಬ್ಬವು 2023ರಲ್ಲಿ ಆಗಸ್ಟ್ 25ರಂದೂ, 2024ರಲ್ಲಿ ಆಗಸ್ಟ್ 16ರಂದೂ, 2025ರಲ್ಲಿ ಆಗಸ್ಟ್ 8ರಂದೂ ಬಂದಿತು. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಹಬ್ಬ ಅಷ್ಟು ತಡವಾಗಿ ಬಂದಿತು. ಈ ಮೂರು ವರ್ಷಗಳನ್ನು ಇಂಗ್ಲಿಷ್ ಕ್ಯಾಲೆಂಡರಿನ ವಾರಗಳ ಪ್ರಕಾರ ಕೂಡಿಸಿದರೆ, ಒಂದು ಕಡಿದಾದ ಶಿಖರದ ಬದಲು ಆಗಸ್ಟ್ ಪೂರ್ತಿ ಹರಡಿದ ದಿಣ್ಣೆಯೊಂದು ಕಾಣುತ್ತದೆ. ಹಾಗೆ ಹರಡಿದ ಬೇಡಿಕೆ ಯಾವ ವರ್ಷವೂ ಇದ್ದುದಿಲ್ಲ. ಇಂತಹ ಸರಕಿಗೆ ಹಬ್ಬದ ದಿನವನ್ನೇ ಸೊನ್ನೆಯೆಂದಿಟ್ಟು, ಅದಕ್ಕೆ ಹತ್ತು ದಿನ ಮುಂಚೆ, ಐದು ದಿನ ಮುಂಚೆ ಎಂದು ಹಿಂದಕ್ಕೆ ಎಣಿಸಿ ವರ್ಷಗಳನ್ನು ಜೋಡಿಸಬೇಕು.

ಮಿತಿಗಳು

ಹುಡುಕಾಟವೆಲ್ಲ ಕೊಳ್ಳುವ ಇಚ್ಛೆಯಲ್ಲ. 2023ರ ಜುಲೈ ತಿಂಗಳಲ್ಲಿ ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಪೆಟ್ಟಿಗೆಯ ಬೆಲೆ 2,000 ರೂಪಾಯಿಗಳನ್ನು ದಾಟಿದಾಗ ಟೊಮೆಟೊ ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ಅದರ ಬೆಲೆಯನ್ನು ವಿಚಾರಿಸಿದವರಲ್ಲಿ ಅನೇಕರು ಕೊಳ್ಳುವುದನ್ನು ಕಡಿಮೆ ಮಾಡಿದವರೇ. ಆಸಕ್ತಿ ಏರಿದ ವಾರದ ದಿನಪತ್ರಿಕೆಗಳನ್ನು ತಿರುವಿ, ಅದರೊಡನೆ ಏರಿದ ಇತರ ಹುಡುಕುಪದಗಳನ್ನು ಅದೇ ಸಾಧನದಲ್ಲಿ ನೋಡಿದರೆ, ಶಿಖರವು ಸುದ್ದಿಯದೋ ಬೇಡಿಕೆಯದೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಮಿತಿ ತೋತಾಪುರಿಯದು. ಶ್ರೀನಿವಾಸಪುರದ ಫಸಲಿನಲ್ಲಿ ಪ್ರಮುಖವಾದ ಈ ತಳಿಯನ್ನು ಹೆಚ್ಚಾಗಿ ಕೊಳ್ಳುವವರು ಗೃಹಸ್ಥರಲ್ಲ, ನೆರೆಯ ಚಿತ್ತೂರು ಸೀಮೆಯ ತಿರುಳಿನ ಕಾರ್ಖಾನೆಗಳು. 2025ರ ಜೂನ್ ತಿಂಗಳಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯಗಳ ತೋತಾಪುರಿಯ ಪ್ರವೇಶವನ್ನು ತಡೆದಾಗ ಬೆಲೆ ನೆಲಕಚ್ಚಿ, ಶ್ರೀನಿವಾಸಪುರದಲ್ಲಿ ಬಂದ್ ನಡೆದು, ಕಡೆಗೆ ಕೇಂದ್ರ ಸರ್ಕಾರವು 2.5 ಲಕ್ಷ ಟನ್‌ಗಳವರೆಗೆ ಕ್ವಿಂಟಲಿಗೆ 1,616 ರೂಪಾಯಿಗಳ ಬೆಲೆಯನ್ನು ಗೊತ್ತುಮಾಡಿ ಮಧ್ಯಪ್ರವೇಶಿಸಬೇಕಾಯಿತು. ಈ ಕೊಳ್ಳುವವನೂ ಈ ಕುಸಿತವೂ ಯಾವ ಶೋಧರೇಖೆಯಲ್ಲಿಯೂ ಮುಂಚಿತವಾಗಿ ಕಾಣತಕ್ಕವಲ್ಲ.

ಆದುದರಿಂದ ಮನೆಗಳಿಗೆ ನೇರವಾಗಿ ಮಾರಲಾಗುವ ಬಾದಾಮಿ, ರಸಪುರಿ, ಮಲ್ಲಿಕಾಗಳ ಮಟ್ಟಿಗೆ ಈ ಪದ್ಧತಿ ಉಪಯುಕ್ತ. ಕಾರ್ಖಾನೆಗೆ ಹೋಗುವ ಹಣ್ಣಿಗೆ ಇದರಿಂದ ಪ್ರಯೋಜನವಿಲ್ಲ. ಉಪಯುಕ್ತವಾದೆಡೆಯಲ್ಲಿಯೂ ಶೋಧರೇಖೆ ಪ್ರಚಾರದ ಅವಧಿಯ ಎಲ್ಲೆಗಳನ್ನು ಮಾತ್ರ ತೋರಿಸಬಲ್ಲದು. ಅದರೊಳಗಿನ ದಿನವನ್ನು ಗೊತ್ತುಮಾಡತಕ್ಕದ್ದು ತೋಟದಲ್ಲಿ ಹೂ ಅರಳಿದ ತಾರೀಖು.