ಮಳೆಯಾಶ್ರಿತ ಮೆಕ್ಕೆಜೋಳದ ಲಘು ಪೋಷಕಾಂಶ ಪ್ರಾತ್ಯಕ್ಷಿಕೆ: ಯೋಜನಾ ಸನ್ನದನ್ನು ಸಿದ್ಧಪಡಿಸುವ ಕ್ರಮ

ಗ್ರಾಮದಲ್ಲಿ ಹೊಸ ಪ್ರಾತ್ಯಕ್ಷಿಕೆಯೊಂದನ್ನು ಕೈಗೊಳ್ಳುವ ಮುನ್ನ ಅದರ ಉದ್ದೇಶ, ಪ್ರಾಯೋಜಕರು, ಅಧಿಕಾರ, ಗರಿಷ್ಠ ವೆಚ್ಚ ಹಾಗೂ ಯಶಸ್ಸಿನ ಮಾನದಂಡಗಳನ್ನು ಒಂದೆರಡು ಪುಟಗಳಲ್ಲಿ ಬರೆದು ಸಹಿ ಪಡೆಯುವ ದಾಖಲೆಯೇ ಯೋಜನಾ ಸನ್ನದು. ಕಚೇರಿಗಳಲ್ಲಿ ಇದನ್ನು ಪ್ರಾಜೆಕ್ಟ್ ಚಾರ್ಟರ್ ಎನ್ನುತ್ತಾರೆ. ರೈತ ಉತ್ಪಾದಕರ ಕಂಪನಿ, ರೈತ ಗುಂಪು ಅಥವಾ ರೈತ ಸಂಪರ್ಕ ಕೇಂದ್ರಗಳು ಇದನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ಜಗಳೂರು ತಾಲ್ಲೂಕಿನ ಮೆಕ್ಕೆಜೋಳದ ಮಾದರಿಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಭೂಚೇತನದ ಮಾದರಿ

ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯ ತಾಂತ್ರಿಕ ನೆರವಿನೊಂದಿಗೆ 2009ರಲ್ಲಿ ಭೂಚೇತನ ಯೋಜನೆಯನ್ನು ಆರಂಭಿಸಿತು. ಮೊದಲ ವರ್ಷ ನಮ್ಮ ನೆರೆಯ ಚಿತ್ರದುರ್ಗ, ಹಾವೇರಿ ಸೇರಿದಂತೆ ಆರು ಜಿಲ್ಲೆಗಳಲ್ಲಿದ್ದ ಯೋಜನೆಯು 2011ರ ವೇಳೆಗೆ 30 ಜಿಲ್ಲೆಗಳಿಗೂ ವಿಸ್ತರಿಸಿತು. ಮಳೆಯಾಶ್ರಿತ ಬೆಳೆಗಳ ಸರಾಸರಿ ಇಳುವರಿಯನ್ನು ಶೇ 20ರಷ್ಟು ಹೆಚ್ಚಿಸುವುದು ಅದರ ಗುರಿಯಾಗಿತ್ತು. ಮಣ್ಣು ಪರೀಕ್ಷೆಯಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ಕಂಡುಬಂದೆಡೆ ಅವುಗಳನ್ನು ರಿಯಾಯಿತಿ ದರದಲ್ಲಿ ಒದಗಿಸಲಾಯಿತು. ಸುಧಾರಿತ ಕ್ರಮದ ಇಳುವರಿಯನ್ನು ರೈತರ ರೂಢಿಯ ಕ್ರಮದ ಇಳುವರಿಯೊಂದಿಗೆ ಬೆಳೆ ಕಟಾವು ಪ್ರಯೋಗದ ಮೂಲಕ ಹೋಲಿಸಲಾಯಿತು.

ಈ ಹೋಲಿಕೆಯನ್ನೇ ತಾವು ಮುಖ್ಯವಾಗಿ ಗಮನಿಸಬೇಕು. ಕಳೆದ ವರ್ಷದ ಇಳುವರಿಗೆ ಈ ವರ್ಷದ ಇಳುವರಿಯನ್ನು ಹೋಲಿಸಿದರೆ ಉತ್ತಮ ಮಳೆಯ ಫಲವು ಯೋಜನೆಯ ಖಾತೆಗೆ ಸೇರುತ್ತದೆ. ಮಳೆ ಕೈಕೊಟ್ಟರೆ ಒಳ್ಳೆಯ ತಾಂತ್ರಿಕತೆಯೂ ಸೋತಂತೆ ತೋರುತ್ತದೆ. ಆದುದರಿಂದ ಹೋಲಿಕೆಯ ವಿಧಾನವನ್ನು ಬಿತ್ತನೆಗೆ ಮುನ್ನವೇ ಸನ್ನದಿನಲ್ಲಿ ದಾಖಲಿಸಬೇಕು.

1. ಉದ್ದೇಶ

‘ರೈತರ ಆದಾಯ ಹೆಚ್ಚಿಸುವುದು’ ಎಂಬ ಬರಹವನ್ನು ಅಳೆಯಲಾಗದು. ಮಾದರಿ ಸನ್ನದಿನಲ್ಲಿ ಹೀಗೆ ಬರೆಯಬಹುದು: ‘ಜಗಳೂರು ತಾಲ್ಲೂಕಿನ ಒಂದು ಗ್ರಾಮದ 40 ರೈತರ ಮಳೆಯಾಶ್ರಿತ ಮೆಕ್ಕೆಜೋಳದಲ್ಲಿ, ತಲಾ 1 ಎಕರೆಗೆ ಗಂಧಕ, ಸತು ಮತ್ತು ಬೋರಾನ್ ನೀಡಿ, ಅದೇ ಹಂಗಾಮಿನಲ್ಲಿ ಅದೇ ರೈತರ ಪಕ್ಕದ ತಾಕಿಗಿಂತ ಎಕರೆಗೆ ಕನಿಷ್ಠ 1 ಕ್ವಿಂಟಾಲ್ ಹೆಚ್ಚುವರಿ ಇಳುವರಿ ಪಡೆಯುವುದು.’

ವ್ಯಾಪ್ತಿಗೆ ಒಳಪಡದ ಪ್ರದೇಶವನ್ನೂ ನಮೂದಿಸಬೇಕು. ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ನೀರಾವರಿ ಭತ್ತದಲ್ಲಿಯೂ ಸತುವಿನ ಕೊರತೆ ಕಂಡುಬರುತ್ತದೆ. ಆದರೆ ನೀರು ನಿಂತ ಗದ್ದೆಯ ಸಮಸ್ಯೆ ಬೇರೆ, ಒಣಭೂಮಿಯ ಸಮಸ್ಯೆ ಬೇರೆ. ಎರಡನ್ನೂ ಒಂದೇ ಸನ್ನದಿನಲ್ಲಿ ಸೇರಿಸಿದರೆ ಫಲಿತಾಂಶದ ಸರಾಸರಿಯು ಯಾರಿಗೂ ಉಪಯುಕ್ತವಾಗುವುದಿಲ್ಲ.

2. ಪ್ರಾಯೋಜಕರು ಮತ್ತು ಅಧಿಕಾರ

ಹಣ ನೀಡುವ ಹಾಗೂ ಯೋಜನೆಯನ್ನು ನಿಲ್ಲಿಸುವ ಅಧಿಕಾರವುಳ್ಳ ಒಬ್ಬರೇ ಪ್ರಾಯೋಜಕರಾಗಿ ಸಹಿ ಮಾಡಬೇಕು. ರೈತ ಉತ್ಪಾದಕರ ಕಂಪನಿಯಾದರೆ ಆಡಳಿತ ಮಂಡಳಿಯ ನಿರ್ಣಯದ ದಿನಾಂಕವನ್ನು ನಮೂದಿಸಬೇಕು. ತಾಂತ್ರಿಕ ಸಲಹೆ ನೀಡುವ ವಿಜ್ಞಾನಿ ಪ್ರಾಯೋಜಕರಲ್ಲ. ಅವರ ಹೆಸರನ್ನು ಪ್ರತ್ಯೇಕವಾಗಿ ಬರೆಯಬೇಕು.

ಸಂಯೋಜಕರು ಯಾವ ನಿರ್ಧಾರಗಳನ್ನು ತಾವೇ ಕೈಗೊಳ್ಳಬಹುದು ಎಂಬುದು ಸ್ಪಷ್ಟವಾಗಿರಬೇಕು. ಒಂದು ವೆಚ್ಚ ಶೀರ್ಷಿಕೆಯಿಂದ ಮತ್ತೊಂದಕ್ಕೆ ಶೇ 10ರವರೆಗೆ ಹಣ ಬದಲಾಯಿಸುವುದು, ಮಳೆ ನೋಡಿ ವಿತರಣೆಯ ದಿನ ನಿಗದಿಪಡಿಸುವುದು ಅವರ ಅಧಿಕಾರದಲ್ಲಿರಲಿ. ರೈತರ ಸಂಖ್ಯೆ, ಬೆಳೆ ಅಥವಾ ಮಾನದಂಡಗಳ ಬದಲಾವಣೆಗೆ ಪ್ರಾಯೋಜಕರ ಲಿಖಿತ ಒಪ್ಪಿಗೆ ಕಡ್ಡಾಯ. ಈ ವಿಭಜನೆ ಇಲ್ಲದಿದ್ದಲ್ಲಿ, ಹದ ಮಳೆ ಬಿದ್ದ ದಿನ ಕಡತವು ಸಹಿಗಾಗಿ ಕಾಯುತ್ತದೆ. ಸತುವಿನ ಸಲ್ಫೇಟ್ ಬಿತ್ತನೆಯ ನಂತರ ಗ್ರಾಮ ತಲುಪುತ್ತದೆ.

3. ಗರಿಷ್ಠ ವೆಚ್ಚ ಮಿತಿ

ಕೆಳಗಿನ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ತಮ್ಮ ಊರಿನ ದರಪಟ್ಟಿಯನ್ನು ಬಳಸಿರಿ. ಎಕರೆಗೆ 80 ಕಿ.ಗ್ರಾಂ ಜಿಪ್ಸಮ್‌ಗೆ ರೂ. 400, 10 ಕಿ.ಗ್ರಾಂ ಸತುವಿನ ಸಲ್ಫೇಟ್‌ಗೆ ರೂ. 700, 2 ಕಿ.ಗ್ರಾಂ ಬೋರಾಕ್ಸ್‌ಗೆ ರೂ. 200, ಒಟ್ಟು ರೂ. 1,300.

• 40 ಎಕರೆಗೆ ಪರಿಕರ: ರೂ. 52,000
• 40 ಮಣ್ಣು ಮಾದರಿಗಳ ಪರೀಕ್ಷೆ: ರೂ. 12,000
• ತರಬೇತಿ ಮತ್ತು ಕ್ಷೇತ್ರೋತ್ಸವ: ರೂ. 16,000
• 80 ಬೆಳೆ ಕಟಾವು ಪ್ರಯೋಗಗಳು: ರೂ. 12,000
• ಅನಿರೀಕ್ಷಿತ ವೆಚ್ಚ: ರೂ. 8,000
• ಗರಿಷ್ಠ ಮಿತಿ: ರೂ. 1,00,000

ಹಣ ಕಡಿಮೆಯಾದಾಗ ಸಾಮಾನ್ಯವಾಗಿ ಮೊದಲು ಕಡಿತಗೊಳ್ಳುವುದು ಬೆಳೆ ಕಟಾವಿನ ಮೊತ್ತ. ಹಾಗಾದಲ್ಲಿ ಪರಿಕರ ಹಂಚಿದ ದಾಖಲೆ ಉಳಿಯುತ್ತದೆಯೇ ಹೊರತು ಫಲಿತಾಂಶ ಉಳಿಯುವುದಿಲ್ಲ. ಆದ್ದರಿಂದ ‘ಈ ಶೀರ್ಷಿಕೆಯ ಹಣವನ್ನು ಬೇರೆಡೆ ಬಳಸತಕ್ಕದ್ದಲ್ಲ, ಕೊರತೆಯಾದರೆ ರೈತರ ಸಂಖ್ಯೆಯನ್ನು ಇಳಿಸತಕ್ಕದ್ದು’ ಎಂದು ಬರೆಯಿರಿ.

4. ಯಶಸ್ಸಿನ ಮಾನದಂಡ

ಹೆಚ್ಚುವರಿ ವೆಚ್ಚ ರೂ. 1,300. ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ ರೂ. 2,000 ದೊರೆತರೆ ಈ ವೆಚ್ಚ ಮರಳಲು 65 ಕಿ.ಗ್ರಾಂ ಹೆಚ್ಚುವರಿ ಇಳುವರಿ ಬೇಕು. ಗೊಬ್ಬರ ಹಾಕುವ ಶ್ರಮಕ್ಕೂ ಬೆಲೆ ಕುಸಿತಕ್ಕೂ ಅವಕಾಶ ನೀಡಿ 1 ಕ್ವಿಂಟಾಲ್ ಎಂದು ನಿಗದಿಪಡಿಸಲಾಗಿದೆ. ಆದರೆ ಸರಾಸರಿಯೊಂದೇ ಸಾಲದು. ಐದಾರು ಹೊಲಗಳ ಭಾರೀ ಇಳುವರಿಯು ಉಳಿದವರ ನಷ್ಟವನ್ನು ಮರೆಮಾಚಬಲ್ಲದು. ‘40ರಲ್ಲಿ ಕನಿಷ್ಠ 30 ರೈತರು 1 ಕ್ವಿಂಟಾಲ್ ಹೆಚ್ಚುವರಿ ಪಡೆದರೆ ಯಶಸ್ವಿ’ ಎಂಬುದು ಉತ್ತಮ ಮಾನದಂಡ.

ಎರಡೂ ತಾಕುಗಳಲ್ಲಿ ತಳಿ, ಬಿತ್ತನೆಯ ದಿನ, ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಒಂದೇ ಆಗಿರಬೇಕು. ಯಾವ ತಾಕಿಗೆ ಲಘು ಪೋಷಕಾಂಶ ನೀಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಿ. ಇಲ್ಲವಾದರೆ ಒಳ್ಳೆಯ ಮಣ್ಣಿನ ತಾಕೇ ಆಯ್ಕೆಯಾಗುತ್ತದೆ. ಸತುವಿನ ಸಲ್ಫೇಟನ್ನು ಡಿಎಪಿಯೊಂದಿಗೆ ಬೆರೆಸಬಾರದು. ರಂಜಕದೊಡನೆ ಸೇರಿದ ಸತು ಬೆಳೆಗೆ ಸುಲಭವಾಗಿ ದೊರೆಯುವುದಿಲ್ಲ.

ಕಟಾವಿನಲ್ಲಿ ಪ್ರತಿ ತಾಕಿನಿಂದ 5 ಮೀ. × 5 ಮೀ. ಚೌಕವನ್ನು ಕೊಯ್ದು, ಕಾಳು ಬಿಡಿಸಿ ತೂಗಿರಿ. ಈ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ ದೊರೆಯುತ್ತದೆ. ಲಘು ಪೋಷಕಾಂಶದ ತಾಕಿನಲ್ಲಿ 11.5 ಕಿ.ಗ್ರಾಂ, ಪಕ್ಕದ ತಾಕಿನಲ್ಲಿ 10 ಕಿ.ಗ್ರಾಂ ಬಂದಿದೆ ಎಂದುಕೊಳ್ಳಿ. ಎಕರೆಗೆ 2.4 ಕ್ವಿಂಟಾಲ್ ಹೆಚ್ಚಳವೆಂದು ತೋರುತ್ತದೆ. ಆದರೆ ಮೊದಲ ತಾಕನ್ನು ಬೇಗ ಕೊಯ್ದಿದ್ದು, ಅದರ ಕಾಳಿನ ತೇವಾಂಶ ಶೇ 22, ಎರಡನೆಯದರದು ಶೇ 14 ಇದ್ದರೆ, 11.5 × 78 ÷ 86, ಅಂದರೆ ನೈಜ ತೂಕ 10.4 ಕಿ.ಗ್ರಾಂ ಮಾತ್ರ. ಹೆಚ್ಚಳ ಸುಮಾರು 65 ರಿಂದ 70 ಕಿ.ಗ್ರಾಂ, ವೆಚ್ಚ ಮರಳಿತು, ಮಾನದಂಡ ಈಡೇರಲಿಲ್ಲ. ಆದ್ದರಿಂದ ಎರಡೂ ತಾಕುಗಳನ್ನು ಒಂದೇ ದಿನ ಕೊಯ್ದು, ತೇವಾಂಶ ಮಾಪಕದಿಂದ ಅಳೆದು ಶೇ 14ಕ್ಕೆ ಸರಿಹೊಂದಿಸಬೇಕು.

5. ನಿಲ್ಲಿಸುವ ಷರತ್ತು

ಮಣ್ಣು ಪರೀಕ್ಷೆಯಲ್ಲಿ ಸತು 0.6, ಬೋರಾನ್ 0.5 ಮತ್ತು ಗಂಧಕ 10 ಪಿಪಿಎಂಗಿಂತ ಕಡಿಮೆ ಇರುವ ಹೊಲಗಳನ್ನು ಕೊರತೆಯುಳ್ಳವೆಂದು ಪರಿಗಣಿಸಿ, ಕೊರತೆಯಿರುವ ಪೋಷಕಾಂಶವನ್ನು ಮಾತ್ರ ನೀಡಿರಿ. ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಯಾವ ಕೊರತೆಯೂ ಇಲ್ಲದಿದ್ದರೆ ಪರಿಕರ ಖರೀದಿಸದೆ ಯೋಜನೆಯನ್ನು ಕೈಬಿಡುವುದೇ ಸರಿ. ಜುಲೈ ಅಂತ್ಯದೊಳಗೆ ಬಿತ್ತನೆ ಆಗದಿದ್ದರೆ ವಿತರಣೆ ನಿಲ್ಲಿಸಿ, ಉಳಿದ ಹಣವನ್ನು ಪ್ರಾಯೋಜಕರಿಗೆ ಮರಳಿಸಬೇಕು. ಈ ಎರಡೂ ಷರತ್ತುಗಳನ್ನು ಸಹಿಗೆ ಮುನ್ನ ಗ್ರಾಮ ಸಭೆಯಲ್ಲಿ ಓದಿ ಹೇಳಿರಿ; ಪರಿಕರ ಬರುವುದೆಂದು ನಂಬಿದ ರೈತರು ಬೇರೆಡೆ ಖರೀದಿಸದೆ ಕಾಯುತ್ತಿರುತ್ತಾರೆ.