ಕಚ್ಚೆಯ ಹಿಂದೆ ಮುಂದೆ

2023ರ ಆಗಸ್ಟ್ 5ರಂದು ಚಂದ್ರಯಾನ-3 ಚಂದ್ರನ ಕಕ್ಷೆ ಸೇರಿತೆಂದು ಕನ್ನಡ ಪತ್ರಿಕೆಗಳು ಬರೆದವು. ಆ ಕಕ್ಷೆಗೂ, ಹಬ್ಬದ ದಿನ ಮನೆಯ ಯಜಮಾನರು ಬೆನ್ನ ಹಿಂದೆ ಕೈ ಹಾಕಿ ಸಿಕ್ಕಿಸಿಕೊಳ್ಳುವ ಕಚ್ಚೆಗೂ ನಂಟಿದೆ. ಒಂದು ಆಕಾಶಕ್ಕೆ ಏರಿತು, ಇನ್ನೊಂದು ಸೊಂಟದಲ್ಲೇ ಉಳಿಯಿತು.

ಸಂಸ್ಕೃತದ ‘ಕಕ್ಷ’ ಎಂದರೆ ಕಂಕುಳು, ಮೈಯ ಪಕ್ಕ. ಆ ಪಕ್ಕವನ್ನು ಬಳಸಿ ಬಿಗಿಯುವ ಪಟ್ಟಿ ‘ಕಕ್ಷ್ಯಾ’. ಆನೆಯ ಹೊಟ್ಟೆಗೆ ಸುತ್ತಿ ಬಿಗಿಯುವ ಹಗ್ಗಕ್ಕೂ ಅದೇ ಹೆಸರು. ಸುತ್ತಿ ಬರುವುದು ಎಂಬ ಅರ್ಥ ಗಟ್ಟಿಯಾದ ಮೇಲೆ ಅರಮನೆಯ ಸುತ್ತುಗೋಡೆಯೂ ಗೋಡೆಯೊಳಗಿನ ಅಂಗಳವೂ ಕಕ್ಷ್ಯೆಯಾದವು. ರಾಮಾಯಣದಲ್ಲಿ ರಾಮ ತಂದೆಯನ್ನು ಕಾಣಲು ಒಂದೊಂದೇ ಕಕ್ಷ್ಯೆ ದಾಟಿ ಹೋಗುತ್ತಾನೆ. ಜ್ಯೋತಿಷಿಗಳು ಗ್ರಹ ಸುತ್ತುವ ದಾರಿಯನ್ನು ‘ಕಕ್ಷಾ’ ಎಂದರು. ಕೋರ್ಟಿನ ‘ಕಕ್ಷಿ’ಯಾದರೋ ಹಳೆಯ ‘ಪಕ್ಕ’ ಎಂಬ ಅರ್ಥವನ್ನೇ ಹಿಡಿದು ನಿಂತಿದೆ.

ಇದೆಲ್ಲ ಪಂಡಿತರ ದಾರಿ. ಜನರ ದಾರಿ ಬೇರೆ. ಪ್ರಾಕೃತದಲ್ಲಿ ಸಂಸ್ಕೃತದ ‘ಕ್ಷ’ ಎರಡಾಗಿ ಒಡೆಯುತ್ತದೆ: ಒಮ್ಮೆ ‘ಕ್ಖ’, ಇನ್ನೊಮ್ಮೆ ‘ಚ್ಛ’. ಕ್ಖ ಹಿಡಿದ ಹಿಂದಿಯಲ್ಲಿ ಕಂಕುಳು ‘ಕಾಂಖ್’ ಆಯಿತು. ಚ್ಛ ಹಿಡಿದ ಪಾಳಿಯಲ್ಲಿ ಅದು ‘ಕಚ್ಛ’. ಕನ್ನಡಕ್ಕೆ ಬಂದ ಇಂಥ ಪದಗಳಲ್ಲಿ ಹಲವು ಕ್ಖದ ದಾರಿಯವು. ಅಕ್ಷರ ಅಕ್ಕರವಾಯಿತು, ಯಕ್ಷ ಜಕ್ಕನಾದ, ಲಕ್ಷ ಲಕ್ಕವಾಯಿತು. ಕಚ್ಚೆ ಮಾತ್ರ ಚ್ಛದ ದಾರಿಯಲ್ಲಿ ಬಂತು; ಮಹಾಪ್ರಾಣವನ್ನು ಕಳಚಿಟ್ಟು, ಕೊನೆಗೊಂದು ಎಕಾರ ಹೊತ್ತು ನಮ್ಮದಾಯಿತು. ಎಷ್ಟು ನಮ್ಮದಾಯಿತೆಂದರೆ ಸಮಾಸದಲ್ಲಿ ಅದು ಅಚ್ಚಗನ್ನಡ ಪದದಂತೆಯೇ ಬಾಗುತ್ತದೆ. ಹುಲ್ಲು, ಕಾವಲು ಸೇರಿ ಹುಲ್ಲುಗಾವಲು ಆಗುವಂತೆ ಗಂಡು, ಕಚ್ಚೆ ಸೇರಿ ಗಂಡುಗಚ್ಚೆ. ವೀರ, ಕಚ್ಚೆ ಸೇರಿ ವೀರಗಚ್ಚೆ. ವೀರಭದ್ರನ ಕುಣಿತದ ವೀರಗಾಸೆಯಲ್ಲಿರುವ ‘ಕಾಸೆ’ಯೂ ಸೊಂಟಕ್ಕೆ ಬಿಗಿದ ಬಟ್ಟೆಯ ಮಾತೇ. ಕಚ್ಚುವುದಕ್ಕೂ ಕಚ್ಚಾ ಸರಕಿಗೂ ಕಚ್ಚೆಗೂ ಏನೂ ಸಂಬಂಧವಿಲ್ಲ. ಅವು ಸದ್ದಿನಲ್ಲಷ್ಟೇ ಹತ್ತಿರ.

ಆದರೆ ಕಂಕುಳ ಪದ, ಸೊಂಟದ ಪಟ್ಟಿಯನ್ನೂ ಬಿಟ್ಟು, ಕಾಲ ಸಂದಿನಿಂದ ಹಿಂದಕ್ಕೆ ಹೋಗುವ ಬಟ್ಟೆಯ ತುದಿಗೆ ಹೇಗೆ ಅಂಟಿಕೊಂಡಿತು? ಉತ್ತರ ನಿಘಂಟಿಗಿಂತ ಹೆಚ್ಚಾಗಿ ಉಡುವ ಕ್ರಮದಲ್ಲಿದೆ.

ಅಂಗಡಿಯಲ್ಲಿ ಪಂಚೆಯ ಲೆಕ್ಕ ಈಗಲೂ ಮೊಳದಲ್ಲಿದೆ. ಮೊಳವೆಂದರೆ 18 ಇಂಚು. ಸಿಂಗಲ್ ಪಂಚೆ 4 ಮೊಳ, ಡಬಲ್ 8 ಮೊಳ. ‘9-5’ ಎಂದು ಕೇಳಿದರೆ 9 ಮೊಳದ ಪಂಚೆಯ ಜೊತೆ 5 ಮೊಳದ ಶಲ್ಯ. ಅಗಲ ಎಲ್ಲಕ್ಕೂ ಸುಮಾರು 50 ಇಂಚು. ಈಗ 34 ಇಂಚು ಸೊಂಟದ ಒಬ್ಬರನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಸಿಂಗಲ್ ಪಂಚೆಯ 72 ಇಂಚಿನಲ್ಲಿ ಸೊಂಟಕ್ಕೆ 34 ಹೋದರೆ ಉಳಿದದ್ದು 38, ಅಂದರೆ ಪಕ್ಕಕ್ಕೆ 19. ಒಂದರ ಮೇಲೊಂದು ಹೊದಿಸಿ ಪಕ್ಕದಲ್ಲಿ ಸಿಕ್ಕಿಸಲು ಅಷ್ಟು ಸಾಕು, ಕಚ್ಚೆಗೆ ಸಾಲದು. ಹೀಗೆ ಬರಿದೇ ಸುತ್ತಿಕೊಳ್ಳುವುದು ಅಡ್ಡಪಂಚೆ. ಲುಂಗಿಯೂ ಇದೇ ಜಾತಿಯದು. ಎರಡು ತುದಿ ಸೇರಿಸಿ ಹೊಲಿದ ಲುಂಗಿಗಂತೂ ಹಿಂದೆ ಸಿಕ್ಕಿಸಲು ತುದಿಯೇ ಇಲ್ಲ. ಡಬಲ್ ಪಂಚೆಯಲ್ಲಾದರೆ 144ರಿಂದ 34 ಕಳೆದು ಪಕ್ಕಕ್ಕೆ 55 ಇಂಚು ಸಿಗುತ್ತದೆ, ಮೂರು ಮೊಳಕ್ಕೆ ತುಸು ಹೆಚ್ಚು. ಕಚ್ಚೆ ಸಾಧ್ಯವಾಗುವುದು ಇಲ್ಲಿ. ಕಚ್ಚೆ ಬೇಡವೆಂದರೆ ಅದೇ ಪಂಚೆಯನ್ನು ಮಡಿಸಿ ಎರಡು ಪದರ ಮಾಡಿ ಅಡ್ಡ ಸುತ್ತಿಕೊಳ್ಳಬಹುದು. ತೆಳು ಮಲ್ಲಿನ ಬಟ್ಟೆಯಾದರೂ ಮೈ ಕಾಣುವುದಿಲ್ಲ.

ಕಚ್ಚೆ ಹಾಕುವ ರೀತಿ ಊರಿಗೊಂದು. ಸಾಮಾನ್ಯವಾದುದೊಂದು ಹೀಗಿದೆ. ಪಂಚೆಯ ನಡುಭಾಗ ಬೆನ್ನಿಗೆ ಬರುವಂತೆ ಹಿಡಿದು ಎರಡೂ ತುದಿಗಳನ್ನು ಸಮವಾಗಿ ಮುಂದಕ್ಕೆ ತರಬೇಕು. ಕೆಳಗಿನ ಅಂಚು ಹಿಮ್ಮಡಿಯ ಮೇಲೆ ನಿಂತಿದೆಯೇ ಎಂದು ನೋಡಿ, ಹೊಕ್ಕುಳ ಹತ್ತಿರ ಮೇಲಂಚುಗಳನ್ನು ಸೇರಿಸಿ ಬಿಗಿಯಾಗಿ ಒಂದು ಗಂಟು. ಇಡೀ ಉಡುಗೆ ನಿಲ್ಲುವುದು ಈ ಗಂಟಿನ ಮೇಲೆ. ಈಗ ಮುಂದೆ ಎಡಕ್ಕೊಂದು, ಬಲಕ್ಕೊಂದು ಸೆರಗು ಜೋಲುತ್ತದೆ. ಎಡದ್ದನ್ನು ನಾಲ್ಕು ಬೆರಳಗಲ ನಿರಿಗೆ ಹಿಡಿದು, ನಿರಿಗೆಯ ಕೆಳತುದಿಯನ್ನು ಕಾಲ ನಡುವೆ ಹಿಂದಕ್ಕೆ ತೂರಿಸಿ, ಬೆನ್ನೆಲುಬಿನ ನೇರಕ್ಕೆ ಸೊಂಟದಲ್ಲಿ ಸಿಕ್ಕಿಸಬೇಕು. ಬಲದ ಸೆರಗನ್ನೂ ನಿರಿಗೆ ಮಾಡಿ ಹೊಕ್ಕುಳ ಬಳಿ ಸಿಕ್ಕಿಸಿದರೆ ಮುಂದೆ ನಿರಿಗೆ ಇಳಿಯುತ್ತದೆ. ಒಳಗೆ ಉಡುದಾರ ಇದ್ದವರು ಹಿಂದಿನ ತುದಿಯನ್ನು ಅದರಡಿಗೂ ಸೇರಿಸುತ್ತಾರೆ. ರೇಷ್ಮೆ ಜಾರುವ ಬಟ್ಟೆಯಾದ್ದರಿಂದ ಅದಕ್ಕೆ ಈ ಆಸರೆ ಬೇಕೇ ಬೇಕು.

ಸಂಪ್ರದಾಯದಲ್ಲಿ ಕಚ್ಚೆ ಮೂರು ಕಡೆ: ಹೊಕ್ಕುಳು, ಎಡಪಕ್ಕ, ಬೆನ್ನು. ಪಂಚಕಚ್ಚೆಯಲ್ಲಿ ಅದು ಐದು ಕಡೆ. ಅಂದರೆ ಬಟ್ಟೆ ಸಿಕ್ಕಿಸುವ ಎಲ್ಲ ಜಾಗಕ್ಕೂ ಒಂದು ಕಾಲದಲ್ಲಿ ಕಚ್ಚೆಯೆಂದೇ ಹೆಸರು, ಪಕ್ಕದ ಕಚ್ಚೆಯೂ ಸೇರಿ. ಕಂಕುಳಿಂದ ಪಕ್ಕೆಗೆ, ಪಕ್ಕೆಯಿಂದ ಸೊಂಟಕ್ಕೆ ಇಳಿದ ಪದಕ್ಕೆ ಬೆನ್ನ ಹಿಂದೆ ಹೋಗಲು ಇಲ್ಲೇ ಮೆಟ್ಟಿಲು ಸಿಕ್ಕಿತು. ಸಿಕ್ಕಿಸಿದ್ದರಲ್ಲೆಲ್ಲ ಮುಖ್ಯವಾದುದು ಹಿಂದಿನದು. ಮುಂದಿನ ನಿರಿಗೆ ಜಾರಿದರೆ ಕೈಯಲ್ಲಿ ಹಿಡಿದು ನಡೆಯಬಹುದು. ಹಿಂದಿನದು ಕಳಚಿದರೆ ಉಡುಗೆಯೇ ಬದಲಾಗಿ ಅಡ್ಡಪಂಚೆಯಾಗುತ್ತದೆ. ಹಾಗಾಗಿ ಆಡುಮಾತು ಉಳಿದವನ್ನೆಲ್ಲ ಬಿಟ್ಟು ಹೆಸರನ್ನು ಹಿಂದಿನದಕ್ಕೇ ಕೊಟ್ಟಿತು.

ಈ ವ್ಯತ್ಯಾಸ ಮತದ ಗುರುತೂ ಆಗಿತ್ತು. ವಿಜಯನಗರದ ಆರಂಭಕಾಲದಲ್ಲಿ, 14ನೇ ಶತಮಾನದಲ್ಲಿ, ಮಾಧವಾಚಾರ್ಯರು ಬರೆದದ್ದೆಂದು ಹೇಳುವ ಸರ್ವದರ್ಶನಸಂಗ್ರಹದಲ್ಲಿ ಬೌದ್ಧರನ್ನು ‘ಮುಕ್ತಕಚ್ಛ’ರೆಂದು ಕರೆದಿದೆ. ಕಚ್ಚೆ ಬಿಟ್ಟವರು ಎಂದರ್ಥ. ಬೌದ್ಧ ಭಿಕ್ಷುಗಳ ಕೆಳವಸ್ತ್ರ ಸುತ್ತಿಕೊಳ್ಳುವಂಥದು, ಹಿಂದೆ ಸಿಕ್ಕಿಸುವಂಥದಲ್ಲ. ಒಂದು ದರ್ಶನವನ್ನು ಗುರುತಿಸಲು ಬಟ್ಟೆಯ ತುದಿ ಸಾಕಾಯಿತು.

ಇತ್ತ ರೈತನಿಗೂ ಕಾಳಗದವನಿಗೂ ಕಚ್ಚೆ ಬೇಕಾದದ್ದು ಮತಕ್ಕಲ್ಲ, ಕಾಲಿಗೆ. ಅಡ್ಡಪಂಚೆಯ ಘೇರು ಹೆಜ್ಜೆಯ ಉದ್ದವನ್ನು ಕಟ್ಟಿಹಾಕುತ್ತದೆ. ಓಡಬೇಕಾದರೆ ಮೊಣಕಾಲಿಗೆ ಎತ್ತಿ ಕಟ್ಟಬೇಕು. ಕಚ್ಚೆಯಲ್ಲಿ ಎರಡು ಕಾಲಿಗೂ ಬೇರೆ ಬೇರೆ ಸುತ್ತು ಸಿಗುತ್ತದೆ. ಉತ್ತರ ಕರ್ನಾಟಕದ ಧೋತರವನ್ನು ಗದ್ದೆ ಕೆಲಸಕ್ಕೆ ಬಿಗಿಯುವುದೂ, ಅಲ್ಲಿಯ ಹೆಂಗಸರು ಉದ್ದನೆಯ ಸೀರೆಗೆ ಗಂಡುಗಚ್ಚೆ ಹಾಕುವುದೂ ಇದಕ್ಕಾಗಿಯೇ. ಕೇರಳದ ಕಳರಿಯಲ್ಲಿ ಕಾದಾಳುಗಳು ಸೊಂಟಕ್ಕೆ ಉದ್ದ ಬಟ್ಟೆ ಬಿಗಿಯುವುದನ್ನು ‘ಕಚ್ಚ ಕೆಟ್ಟಲ್’ ಎನ್ನುತ್ತಾರೆ. ‘ಕಚ್ಚೆ ಕಟ್ಟಿ ನಿಂತ’ ಎಂಬ ನಮ್ಮ ಮಾತು ಅದೇ ಅಂಗಳದ್ದು.

ಕಚ್ಚೆ ಸರಿ ಬಂದಿದೆಯೇ ಎಂದು ತಿಳಿಯಲು ಒಮ್ಮೆ ಕುಕ್ಕರಗಾಲಲ್ಲಿ ಕೂತು ಏಳಬೇಕು. ಮುಂದಿನ ಸೊಂಟದಿಂದ ಕಾಲ ಸಂದಿ ಹಾದು ಹಿಂದಿನ ಸೊಂಟ ಮುಟ್ಟಲು ಸುಮಾರು 30 ಇಂಚು ಬಟ್ಟೆ ಸಾಕು. ಸೊಂಟದಿಂದ ಹಿಮ್ಮಡಿಗೆ ಇಳಿದಿರುವುದು ಸುಮಾರು 40. ಉಳಿದ 10 ಇಂಚಿನ ಸಡಿಲವೇ ಕೂರಲು, ಮೆಟ್ಟಿಲು ಹತ್ತಲು ಬಿಡುವುದು. ಅದನ್ನೂ ಎಳೆದು ಬಿಗಿದರೆ ಕೂತಾಗ ಹಳೇ ಬಟ್ಟೆ ಹರಿಯುತ್ತದೆ, ಇಲ್ಲವೇ ಹಿಂದಿನ ತುದಿ ಕಿತ್ತು ಬರುತ್ತದೆ. ತೀರ ಸಡಿಲ ಬಿಟ್ಟರೆ ಕಾಲ ನಡುವೆ ಜೋಳಿಗೆ ಇಳಿಬಿದ್ದಂತೆ ಕಾಣುತ್ತದೆ. ಗಂಜಿ ಹೆಚ್ಚಾದರೂ ತೊಂದರೆ: ಮುಂದಿನ ನಿರಿಗೆ ಚೂಪಾಗಿ ನಿಲ್ಲುತ್ತದೆ, ಆದರೆ ಹಿಂದಿನ ಮಡಿಕೆ ಸೆಟೆದು ತಾನಾಗಿ ಹೊರಗೆ ಚಿಮ್ಮುತ್ತದೆ. ತೆಳು ಗಂಜಿಯ ಹತ್ತಿಯೇ ಎರಡಕ್ಕೂ ಒಗ್ಗುವುದು.

ಅಂಚಿನ ಕತೆಯೂ ಉಡುವ ಕ್ರಮಕ್ಕೆ ಸೇರಿದ್ದು. ಅಡ್ಡಪಂಚೆಯಲ್ಲಿ ಅಂಚು ಕಾಲ ಸುತ್ತ ಒಂದು ಮಟ್ಟದ ಗೆರೆ, ಅಷ್ಟೆ. ಕಚ್ಚೆ ಹಾಕಿದಾಗ ಅದೇ ಅಂಚು ಎಡಗಾಲ ಹಿಮ್ಮಡಿಯಿಂದ ಮೀನಖಂಡವನ್ನು ಬಳಸಿ ಓರೆಯಾಗಿ ಮೇಲೇರುತ್ತದೆ. ಮುಂದೆ ನಿರಿಗೆಯಲ್ಲಿ ಒಂದರ ಮೇಲೊಂದು ಪದರವಾಗಿ ಕೂಡುತ್ತದೆ. ಬೆರಳಗಲದ ಬಣ್ಣದಂಚು ನಿರಿಗೆಯ ಬುಡದಲ್ಲಿ ಸಣ್ಣ ಗೆರೆಯಾಗಿ ಉಳಿಯುತ್ತದೆ. ನಾಲ್ಕು ಬೆರಳಿನ ಜರಿಯಂಚಾದರೆ ಅಲ್ಲೊಂದು ಹೊಳೆಯುವ ದಿಂಡೇ ನಿಲ್ಲುತ್ತದೆ, ಅದರ ಭಾರಕ್ಕೆ ನಿರಿಗೆ ನೇರ ಇಳಿಯುತ್ತದೆ. ಆದರೆ ಅಷ್ಟೇ ದಪ್ಪ ಬೆನ್ನ ಹಿಂದೆಯೂ ಸೇರಿ ಕುರ್ಚಿಗೆ ಒರಗಿದಾಗ ಒತ್ತುತ್ತದೆ. ಮದುವೆ ಮಂಟಪದಲ್ಲಿ ಚೆಂದ ಕಾಣುವ ಪಂಚೆ ಇಡೀ ದಿನ ಉಟ್ಟು ಓಡಾಡಲು ಹೊಂದದಿರುವುದು ಇದರಿಂದ.

ಕಚ್ಚೆ ಬೆನ್ನ ಹಿಂದಿರುವುದರಿಂದ ಉಟ್ಟವನಿಗೆ ಕಾಣದು, ಊರಿಗೆ ಕಾಣುತ್ತದೆ. ‘ಕೈ ಬಾಯಿ ಕಚ್ಚೆ ಶುದ್ಧವಿರಬೇಕು’ ಎಂಬ ಗಾದೆ ಹುಟ್ಟಿದ್ದು ಇಂಥ ಊರಿನ ಕಣ್ಣಲ್ಲಿ. ಕೈ ಕಳವಿಗೆ, ಬಾಯಿ ಸುಳ್ಳಿಗೆ, ಕಚ್ಚೆ ಕಾಮಕ್ಕೆ ನಿಂತವು. ಹೆಂಗಸರೂ ಕಚ್ಚೆ ಹಾಕುತ್ತಿದ್ದರೂ ‘ಕಚ್ಚೆಹರುಕ’ ಎಂಬ ಬೈಗುಳ ಗಂಡಸಿಗೇ ಮೀಸಲಾಯಿತು. ಹೆಣ್ಣನ್ನು ಬೈಯಲು ಭಾಷೆ ಬೇರೆ ಮಾತುಗಳನ್ನು ಬೇಕಾದಷ್ಟು ಕೂಡಿಟ್ಟಿತ್ತು. ಪ್ಯಾಂಟು ಬಂದು ಪಂಚೆ ಹಬ್ಬಕ್ಕೆ ಸೀಮಿತವಾದ ಮೇಲೂ ಬೈಗುಳ ಸವೆದಿಲ್ಲ. ಅತ್ತ ಉತ್ತರದಿಂದ ‘ಕಾಚ’ ಎಂಬ ಹೆಸರಲ್ಲಿ ಅದೇ ಪದ ಒಳಚಡ್ಡಿಯಾಗಿ ಇನ್ನೊಮ್ಮೆ ಕನ್ನಡಕ್ಕೆ ಬಂತು. ಎರಡೂ ದಾಯಾದಿಗಳೆಂದು ಹಾಕಿಕೊಂಡವರಿಗೆ ತಿಳಿಯದು.

ಈಗ ಅಂಗಡಿಯಲ್ಲಿ ಹೊಲಿದ ಪಂಚಕಚ್ಚೆ ಸಿಗುತ್ತದೆ. ಸೊಂಟಕ್ಕೆ ಎಲಾಸ್ಟಿಕ್ ಅಥವಾ ವೆಲ್ಕ್ರೊ, ನಿರಿಗೆಗೆ ಮೊದಲೇ ಹಾಕಿದ ಹೊಲಿಗೆ. ಕಾಲು ತೂರಿಸಿದರೆ ಮುಗಿಯಿತು. ಅದು ಜಾರುವುದಿಲ್ಲ, ಹಾಗೆಯೇ ಬೇರೆಯವರ ಸೊಂಟಕ್ಕೆ, ಎತ್ತರಕ್ಕೆ ಒಗ್ಗುವುದೂ ಇಲ್ಲ. ಅದನ್ನು ಬಿಚ್ಚಿ ಅಡ್ಡಪಂಚೆ ಮಾಡಲೂ ಬಾರದು. ಕನ್ನಡ ಹಿಂದಿನಿಂದಲೂ ಸುತ್ತುವ ಬಟ್ಟೆಯನ್ನು ‘ಉಡು’ ಎಂದಿದೆ, ಹೊಲಿದದ್ದನ್ನು ‘ತೊಡು’ ಎಂದಿದೆ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ. ಹೊಲಿದ ಪಂಚಕಚ್ಚೆಯ ಮುಂದೆ ಭಾಷೆ ಇನ್ನೂ ತೀರ್ಮಾನ ಹೇಳಿಲ್ಲ. ಮದುಮಗ ಅದನ್ನು ‘ಹಾಕ್ಕೊಂಡ’ ಎನ್ನುತ್ತಾರೆಯೇ ಹೊರತು, ‘ಉಟ್ಟ’ ಎನ್ನಲು ನಾಲಿಗೆ ಒಪ್ಪುವುದಿಲ್ಲ.