ಒಬ್ಬರಿಗೆ ನಾಲ್ಕೇ ಟಿಕೆಟ್ ಎಂಬ ನಿಯಮ ಇದ್ದರೂ ಬ್ಲ್ಯಾಕ್‌ನಲ್ಲಿ ಟಿಕೆಟ್ ಸಿಗುವುದು ಹೇಗೆ?

2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮದ ಟಿಕೆಟ್‌ಗಳು ಬುಕ್‌ಮೈಶೋದಲ್ಲಿ ಮಾರಾಟಕ್ಕೆ ಬಂದವು. ಬೆಲೆ 2,500 ರೂಪಾಯಿಯಿಂದ 35,000 ರೂಪಾಯಿವರೆಗೆ ಇತ್ತು. ಒಬ್ಬರು ನಾಲ್ಕಕ್ಕಿಂತ ಹೆಚ್ಚು ಟಿಕೆಟ್ ಕೊಳ್ಳುವಂತಿರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಅದೇ ಕಾರ್ಯಕ್ರಮದ ಟಿಕೆಟ್‌ಗಳು ವಯಾಗೋಗೋದಂಥ ಮರುಮಾರಾಟದ ಜಾಲತಾಣಗಳಲ್ಲಿ ಲಕ್ಷಗಳ ಬೆಲೆಗೆ ಕಾಣಿಸಿಕೊಂಡವು. ‘ಮಿತಿ ಹಾಕಿದ್ದು ಬರೀ ನಾಟಕ, ಕಂಪನಿಯವರೇ ಹಿಂಬಾಗಿಲಿನಿಂದ ಮಾರಿದ್ದಾರೆ’ ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಬುಕ್‌ಮೈಶೋ ಈ ತಾಣಗಳಿಗೂ ತನಗೂ ಸಂಬಂಧವಿಲ್ಲ ಎಂದು ಹೇಳಿ ಪೊಲೀಸರಿಗೆ ದೂರು ಕೊಟ್ಟಿತು.

ಹಿಂಬಾಗಿಲಿನ ಮಾತು ಹಾಗಿರಲಿ. ಹಿಂಬಾಗಿಲೇ ಇಲ್ಲದಿದ್ದರೂ, ಮಿತಿಯನ್ನು ಅಕ್ಷರಶಃ ಪಾಲಿಸಿಯೇ ನೂರಾರು ಟಿಕೆಟ್ ಕೊಳ್ಳಲು ಸಾಧ್ಯ. ಅದು ಹೇಗೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಒಳ್ಳೆಯ ಉದಾಹರಣೆ.

49 ಖಾತೆ, 273 ಟಿಕೆಟ್

ಟೇಲರ್ ಸ್ವಿಫ್ಟ್ ಅವರ ಎರಾಸ್ ಟೂರ್‌ಗೆ ಟಿಕೆಟ್‌ಮಾಸ್ಟರ್ ಕಂಪನಿ ಒಬ್ಬರಿಗೆ ಆರು ಟಿಕೆಟ್ ಎಂಬ ಮಿತಿ ಹಾಕಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಆಗಸ್ಟ್‌ನಲ್ಲಿ ಮೇರಿಲ್ಯಾಂಡ್‌ನ ಕೀ ಇನ್ವೆಸ್ಟ್‌ಮೆಂಟ್ ಗ್ರೂಪ್ ಎಂಬ ಮರುಮಾರಾಟ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. 2023ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಒಂದೇ ಕಾರ್ಯಕ್ರಮಕ್ಕೆ ಈ ಸಂಸ್ಥೆ 49 ಖಾತೆಗಳಿಂದ 273 ಟಿಕೆಟ್ ಕೊಂಡಿದೆ ಎಂಬುದು ಅದರಲ್ಲಿನ ಒಂದು ಆರೋಪ.

ಲೆಕ್ಕ ಹಾಕಿ ನೋಡಿ. 49 ಖಾತೆಗಳಿಗೆ ಆರರಂತೆ 294 ಟಿಕೆಟ್ ಕೊಳ್ಳಬಹುದು. ಅವರು ಕೊಂಡದ್ದು 273. ಅಂದರೆ ಯಾವ ಖಾತೆಯೂ ಆರನ್ನು ದಾಟದೆಯೇ ಇಷ್ಟು ಟಿಕೆಟ್ ಒಂದೇ ಕೈ ಸೇರಲು ಸಾಧ್ಯ. ‘ಆರಕ್ಕಿಂತ ಹೆಚ್ಚಾದರೆ ತಡೆ’ ಎಂದು ಬರೆದಿರುವ ಕಂಪ್ಯೂಟರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಸಮಸ್ಯೆ ಇರುವುದು ‘ಒಬ್ಬರಿಗೆ’ ಎಂಬ ಪದದಲ್ಲಿ. ಮಾರಾಟದ ವ್ಯವಸ್ಥೆಗೆ ಮನುಷ್ಯ ಕಾಣುವುದಿಲ್ಲ. ಅದಕ್ಕೆ ಕಾಣುವುದು ಒಂದು ಮೊಬೈಲ್ ನಂಬರ್, ಒಂದು ಇಮೇಲ್, ಒಂದು ಕಾರ್ಡ್ ಅಥವಾ ಯುಪಿಐ ಐಡಿ, ಒಂದು ಫೋನ್ ಅಥವಾ ಲ್ಯಾಪ್‌ಟಾಪ್, ಒಂದು ಐಪಿ ವಿಳಾಸ. ಇವುಗಳಲ್ಲಿ ಯಾವುದೂ ಒಬ್ಬ ಮನುಷ್ಯನಿಗೆ ಸಮ ಅಲ್ಲ. ಇಮೇಲ್ ಎಷ್ಟು ಬೇಕಾದರೂ ತೆರೆಯಬಹುದು. ಯುಪಿಐ ಐಡಿಯನ್ನೂ ಒಬ್ಬರೇ ಹಲವು ಇಟ್ಟುಕೊಳ್ಳಬಹುದು. ಮೊಬೈಲ್ ನಂಬರಿಗೆ ಬರುವ ಓಟಿಪಿ ಸ್ವಲ್ಪ ಗಟ್ಟಿ ಗುರುತು, ಆದರೆ ನಮ್ಮ ದೇಶದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ಒಂಬತ್ತು ಸಿಮ್, ತಲಾ ನಾಲ್ಕು ಟಿಕೆಟ್ ಎಂದರೆ 36 ಟಿಕೆಟ್! ಇದಕ್ಕೆ ನಕಲಿ ದಾಖಲೆಯೂ ಬೇಡ.

ಅಮೆರಿಕದ ಪ್ರಕರಣದಲ್ಲಿ ಇದೇ ತಂತ್ರ ದೊಡ್ಡ ಪ್ರಮಾಣದಲ್ಲಿ ಬಳಕೆಯಾಗಿದೆ ಎಂಬುದು ಆರೋಪ: ಸಾವಿರಾರು ಖಾತೆಗಳು, ಬೇರೆ ಬೇರೆ ಕಾರ್ಡ್ ನಂಬರ್‌ಗಳು, ನಿಜವಾದ ಐಪಿ ವಿಳಾಸವನ್ನು ಮರೆಮಾಚುವ ವ್ಯವಸ್ಥೆ, ಓಟಿಪಿಗಳನ್ನು ಒಂದೇ ಕಡೆ ಪಡೆಯಲು ಅನೇಕ ಸಿಮ್‌ಗಳನ್ನು ಸಾಲಾಗಿ ತೂರಿಸಿದ ಪೆಟ್ಟಿಗೆ. ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ದೋಸಾಂಜ್ ಕಾರ್ಯಕ್ರಮಗಳ ಟಿಕೆಟ್ ವಿಚಾರವಾಗಿ 2024ರ ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿದಾಗ ವಶಪಡಿಸಿಕೊಂಡ ವಸ್ತುಗಳಲ್ಲೂ ಫೋನ್, ಲ್ಯಾಪ್‌ಟಾಪ್ ಜೊತೆ ಸಿಮ್ ಕಾರ್ಡ್‌ಗಳಿದ್ದವು.

ಹಾಗಾದರೆ ಹಿಡಿಯುವುದು ಹೇಗೆ?

ಒಂದು ಖಾತೆಯನ್ನು ಮಾತ್ರ ನೋಡಿದರೆ ಏನೂ ಸಿಗುವುದಿಲ್ಲ. ಖಾತೆಗಳ ನಡುವಿನ ಸಂಬಂಧವನ್ನು ನೋಡಬೇಕು. ಮಾರಾಟದ ಗದ್ದಲ ಮುಗಿದ ಮೇಲೆ, ಟಿಕೆಟ್‌ನ ಕ್ಯುಆರ್ ಕೋಡ್ ಕಳಿಸುವ ಮುಂಚೆ ಇದಕ್ಕೆ ಸಮಯ ಸಿಗುತ್ತದೆ. ಟಿಕೆಟ್ ಕೊಂಡ ತಕ್ಷಣ ಕ್ಯುಆರ್ ಕೊಡದೆ ಕಾರ್ಯಕ್ರಮ ಹತ್ತಿರ ಬಂದಾಗ ಕೊಡುವುದಕ್ಕೆ ಇದೂ ಒಂದು ಕಾರಣ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಹತ್ತು ಖಾತೆಗಳು ತಲಾ ನಾಲ್ಕು ಟಿಕೆಟ್ ಕೊಂಡಿವೆ. ಅವುಗಳಲ್ಲಿ ಏಳು ಖಾತೆಗಳು ಮಾರಾಟಕ್ಕೆ ಹಿಂದಿನ ವಾರ, ಒಂದೇ ರಾತ್ರಿ ಹುಟ್ಟಿಕೊಂಡಿವೆ. ಆ ಏಳರಲ್ಲಿ ಐದು ಖಾತೆಗಳನ್ನು ಒಂದೇ ಲ್ಯಾಪ್‌ಟಾಪ್‌ನಿಂದ ತೆರೆಯಲಾಗಿದೆ. ಉಳಿದ ಎರಡರ ಪೈಕಿ ಒಂದು, ಈ ಐದರಲ್ಲಿ ಒಂದರ ಕಾರ್ಡ್‌ನಿಂದಲೇ ಹಣ ಕಟ್ಟಿದೆ. ಏಳೂ ಖಾತೆಗಳು ಸೀಟು ಆರಿಸಿ ಹಣ ಕಟ್ಟಲು ತೆಗೆದುಕೊಂಡ ಸಮಯ ಹೆಚ್ಚುಕಡಿಮೆ ಒಂದೇ, ಅದೂ ಬೆರಳಿನಿಂದ ಟೈಪ್ ಮಾಡುವವರಿಗೆ ಸಾಧ್ಯವಾಗದಷ್ಟು ಕಡಿಮೆ. ಹೀಗೆ ಎಳೆಗಳನ್ನು ಜೋಡಿಸುತ್ತ ಹೋದರೆ ಏಳು ‘ಗ್ರಾಹಕರು’ ಒಂದೇ ಗುಂಪಾಗಿ ಕಾಣಿಸುತ್ತಾರೆ, ಅವರ ಬಳಿ 28 ಟಿಕೆಟ್ ಇವೆ. ಉಳಿದ ಮೂರು ಖಾತೆಗಳು ಹಳೆಯವು, ಸಿನಿಮಾ ಟಿಕೆಟ್ ಕೊಂಡ ಇತಿಹಾಸ ಇರುವಂಥವು. ಅವನ್ನು ಮುಟ್ಟುವಂತಿಲ್ಲ.

ಇಲ್ಲಿ ಎಚ್ಚರ ಬೇಕು. ಒಂದೇ ಒಂದು ಎಳೆಯನ್ನು ನಂಬಿ ಟಿಕೆಟ್ ರದ್ದು ಮಾಡಿದರೆ ಅಮಾಯಕರು ಸಿಕ್ಕಿಬೀಳುತ್ತಾರೆ. ಹಾಸ್ಟೆಲ್‌ನ ಹುಡುಗಿಯರೆಲ್ಲ ಒಂದೇ ವೈಫೈನಿಂದ ಬುಕ್ ಮಾಡಿರಬಹುದು. ಅಕ್ಕ ತಮ್ಮ ಇಬ್ಬರೂ ಅಪ್ಪನ ಕಾರ್ಡ್ ಬಳಸಿರಬಹುದು. ಐಪಿ ವಿಳಾಸವಂತೂ ನಮ್ಮಲ್ಲಿ ತೀರಾ ದುರ್ಬಲ ಗುರುತು, ಏಕೆಂದರೆ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ‘ಒಂದು ಐಪಿಗೆ ಒಂದೇ ಬುಕಿಂಗ್’ ಎಂಬ ನಿಯಮ ಕೇಳಲು ಚೆನ್ನಾಗಿದೆ, ಆದರೆ ದಲ್ಲಾಳಿ ಅದನ್ನು ಸುಲಭವಾಗಿ ದಾಟುತ್ತಾನೆ, ಮೊಬೈಲ್ ಡೇಟಾ ಬಳಸುವ ಕಾಲೇಜು ವಿದ್ಯಾರ್ಥಿಗೆ ತಡೆ ಬೀಳುತ್ತದೆ. ಹಾಗಾಗಿ ಎರಡು ಮೂರು ಬಗೆಯ ಎಳೆಗಳು ಒಟ್ಟಿಗೆ ಹೊಂದಿದಾಗ ಮಾತ್ರ ಕ್ರಮ ಕೈಗೊಳ್ಳುವುದು, ಅದಕ್ಕೂ ಮೊದಲು ಗುರುತಿನ ಚೀಟಿ ಕೇಳಿ ವಿವರಣೆಗೆ ಅವಕಾಶ ಕೊಡುವುದು ಸರಿಯಾದ ದಾರಿ.

ಇನ್ನೊಂದು ತುದಿಯಿಂದಲೂ ಹಿಡಿಯಬಹುದು. ಮರುಮಾರಾಟದ ಜಾಹೀರಾತಿನಲ್ಲಿ ಬ್ಲಾಕ್, ಸಾಲು, ಸೀಟು ಸಂಖ್ಯೆ ಇದ್ದರೆ ಅದು ಯಾವ ಖಾತೆಗೆ ಹೋದ ಟಿಕೆಟ್ ಎಂದು ಮೂಲ ಮಾರಾಟಗಾರರಿಗೆ ತಕ್ಷಣ ಗೊತ್ತಾಗುತ್ತದೆ. ಇದು ದಲ್ಲಾಳಿಗಳಿಗೂ ಗೊತ್ತು, ಅದಕ್ಕೇ ಅನೇಕರು ಸೀಟು ಸಂಖ್ಯೆ ಹಾಕುವುದಿಲ್ಲ. ಸಂಖ್ಯೆ ಇಲ್ಲದಿರುವುದಕ್ಕೆ ಮತ್ತೊಂದು ಕಾರಣವೂ ಇರಬಹುದು: ಮಾರುವವನ ಬಳಿ ಟಿಕೆಟ್ ಇಲ್ಲವೇ ಇಲ್ಲ. ಮೊದಲು ಹಣ ಪಡೆದು, ಆಮೇಲೆ ಎಲ್ಲಾದರೂ ಅಗ್ಗಕ್ಕೆ ಸಿಕ್ಕರೆ ಕೊಡುವುದು, ಇಲ್ಲವಾದರೆ ಕೈಯೆತ್ತುವುದು. ಹೀಗಾಗಿ ಜಾಲತಾಣದಲ್ಲಿ ಕಾಣುವ ನೂರು ಜಾಹೀರಾತು ಎಂದರೆ ನೂರು ಟಿಕೆಟ್ ಸೋರಿಕೆಯಾಗಿದೆ ಎಂದಲ್ಲ. ಅಧಿಕೃತ ಮಾರಾಟ ಶುರುವಾಗುವ ಮೊದಲೇ ಕಾಣಿಸಿಕೊಂಡ ಜಾಹೀರಾತನ್ನಂತೂ ನಂಬಲೇಬೇಡಿ.

ಗೇಟಿನ ಬಳಿ

ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ಬಾರ್‌ಕೋಡ್ ಸ್ಕ್ರೀನ್‌ಶಾಟ್ ಮಾರುವುದನ್ನು ನಿಲ್ಲಿಸುತ್ತದೆ, ಅಷ್ಟೇ. ದಲ್ಲಾಳಿ ಖಾತೆಯ ಲಾಗಿನ್ ಅನ್ನೇ ಮಾರಿಬಿಟ್ಟರೆ ಅದು ಕೆಲಸಕ್ಕೆ ಬರುವುದಿಲ್ಲ. ಹೆಚ್ಚು ಪರಿಣಾಮಕಾರಿ ಎಂದರೆ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಪದ್ಧತಿ. ಅಲ್ಲಿ 2007ರಿಂದ ಫೋಟೊ ಸಹಿತ ಮೊದಲೇ ನೋಂದಾಯಿಸಿಕೊಂಡವರಿಗಷ್ಟೇ ಟಿಕೆಟ್, ಟಿಕೆಟ್ ಮೇಲೆ ಅವರದೇ ಫೋಟೊ. ಮಿತಿಯನ್ನು ಖಾತೆಗೆ ಬದಲಾಗಿ ಮುಖಕ್ಕೆ ಕಟ್ಟಿದಂತಾಯಿತು. ಬರಲಾಗದವರು ನಿಗದಿತ ದಿನದೊಳಗೆ ಹಿಂದಿರುಗಿಸಿದ ಟಿಕೆಟ್‌ಗಳನ್ನು ಉತ್ಸವವೇ ಮತ್ತೆ ಮಾರುತ್ತದೆ. ಈ ದಾರಿ ಬಿಡದೆ ಹೆಸರು ಬದಲಿಸುವುದನ್ನು ಮಾತ್ರ ನಿಷೇಧಿಸಿದರೆ ಜ್ವರ ಬಂದು ಮಲಗಿದವರ ದುಡ್ಡೂ ಹೋಗುತ್ತದೆ.

ಜಪಾನ್‌ನಲ್ಲಿ 2019ರಿಂದ ಇದಕ್ಕೆಂದೇ ಕಾನೂನಿದೆ: ಹೆಸರು ನಮೂದಿಸಿದ, ಮರುಮಾರಾಟ ನಿಷೇಧಿಸಿದ ಟಿಕೆಟನ್ನು ದಂಧೆಯಾಗಿ ಹೆಚ್ಚಿನ ಬೆಲೆಗೆ ಮಾರಿದರೆ ಒಂದು ವರ್ಷದವರೆಗೆ ಜೈಲು ಅಥವಾ 10 ಲಕ್ಷ ಯೆನ್‌ವರೆಗೆ ದಂಡ. ನಮ್ಮಲ್ಲಿ ಮಾರ್ಗಸೂಚಿ ಬೇಕೆಂದು ಬಾಂಬೆ ಹೈಕೋರ್ಟ್‌ಗೆ ಹೋಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಜನವರಿಯಲ್ಲಿ ವಜಾ ಆಯಿತು, ಇದು ಶಾಸನ ರೂಪಿಸುವವರ ಕೆಲಸ ಎಂದು ನ್ಯಾಯಾಲಯ ಹೇಳಿತು.